ಎತ್ತರ ಹೆಚ್ಚಿದಂತೆ ಕಿರಿದಾಗುವ ಓರೆ: ಮೇಲ್ಮಟ್ಟದ ನೀರಿನ ತೊಟ್ಟಿಯ ಕಂಬಗಳ ಲಂಬತೆ ಪರಿಶೀಲನೆ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ.

ಜಲ ಜೀವನ್ ಮಿಷನ್ ಅಡಿಯಲ್ಲಿ ನಿರ್ಮಾಣವಾಗುವ ಮೇಲ್ಮಟ್ಟದ ನೀರಿನ ತೊಟ್ಟಿಗಳು ಕಾಮಗಾರಿ ಮುಗಿದ ಬಳಿಕ ಗ್ರಾಮ ಪಂಚಾಯಿತಿಯ ಸುಪರ್ದಿಗೆ ಬರುತ್ತವೆ. ಹಸ್ತಾಂತರದ ಸಂದರ್ಭದಲ್ಲಿ ಗ್ರಾಮಸ್ಥರಿಂದ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವೊಂದಿದೆ: "ಟ್ಯಾಂಕು ವಾಲಿದಂತೆ ಕಾಣುತ್ತದೆ." ಇದಕ್ಕೆ ಗುತ್ತಿಗೆದಾರರ ಕಡೆಯಿಂದ ದೊರೆಯುವ ಉತ್ತರವೂ ಸಾಮಾನ್ಯವಾಗಿ ಒಂದೇ ಬಗೆಯದು: "ಒಂದೆರಡು ಇಂಚು ವ್ಯತ್ಯಾಸ ಎಲ್ಲ ಕಡೆಯೂ ಇರುತ್ತದೆ." ಈ ಎರಡೂ ಮಾತುಗಳು ಅಪೂರ್ಣವಾದವು. ಕಣ್ಣಿಗೆ ಕಂಡದ್ದು ಅಳತೆಯಲ್ಲ. ಎತ್ತರವನ್ನು ಹೇಳದೆ ಕೇವಲ ಇಂಚನ್ನು ಹೇಳುವುದು ಲೆಕ್ಕವೂ ಅಲ್ಲ. ಎಷ್ಟು ಎತ್ತರಕ್ಕೆ ಎಷ್ಟು ವಾಲಿಕೆಗೆ ಅವಕಾಶವಿದೆ, ಎತ್ತರ ಹೆಚ್ಚಿದಂತೆ ಆ ಅವಕಾಶ ಹೇಗೆ ಬದಲಾಗುತ್ತದೆ ಮತ್ತು ಅದನ್ನು ಸ್ಥಳದಲ್ಲಿ ಹೇಗೆ ತಿಳಿಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಂತರ ಮತ್ತು ಓರೆ

ಕಂಬವೊಂದು ವಾಲಿದೆ ಎಂದಾಗ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ವಾಲಿದ ಅಂತರ, ಅಂದರೆ ಕಂಬದ ತುದಿಯು ತನ್ನ ಬುಡದ ನೇರದಿಂದ ಎಷ್ಟು ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಎಂಬುದು. ಎರಡನೆಯದು ವಾಲಿದ ಓರೆ, ಅಂದರೆ ಆ ಅಂತರವು ಎತ್ತರದ ಎಷ್ಟನೆಯ ಒಂದು ಭಾಗ ಎಂಬುದು. 3 ಮೀಟರ್ ಎತ್ತರದ ಅಂಗನವಾಡಿ ಗೋಡೆಯ ತುದಿ 25 ಮಿ.ಮೀ. ಸರಿದಿದ್ದರೆ ಓರೆಯು 120ರಲ್ಲಿ ಒಂದು ಭಾಗ. 15 ಮೀಟರ್ ಎತ್ತರದ ಕಂಬದ ತುದಿ ಅದೇ 25 ಮಿ.ಮೀ. ಸರಿದಿದ್ದರೆ ಓರೆಯು 600ರಲ್ಲಿ ಒಂದು ಭಾಗ ಮಾತ್ರ. ಅಂತರ ಒಂದೇ ಆದರೂ ಮೊದಲನೆಯದು ತಿರಸ್ಕರಿಸಬೇಕಾದ ಕೆಲಸ, ಎರಡನೆಯದು ಮಿತಿಯೊಳಗಿನ ಕೆಲಸ.

ನಿರ್ಮಾಣ ನಿರ್ದಿಷ್ಟತೆಗಳಲ್ಲಿ ಈ ಕಾರಣಕ್ಕಾಗಿಯೇ ಲಂಬತೆಗೆ ಎರಡು ಮಿತಿಗಳನ್ನು ಜೊತೆಯಾಗಿ ವಿಧಿಸಲಾಗಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಯ ಪ್ರಕಾರ ಕಾಂಕ್ರೀಟ್ ಕಂಬದ ವಾಲಿಕೆಯು ಪ್ರತಿ 2.5 ಮೀಟರ್ ಎತ್ತರಕ್ಕೆ 5 ಮಿ.ಮೀ. ಮೀರಬಾರದು, ಆದರೆ ಒಟ್ಟಾರೆ 25 ಮಿ.ಮೀ.ಗಿಂತಲೂ ಹೆಚ್ಚಿರಬಾರದು. ಇಟ್ಟಿಗೆ ಗೋಡೆಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 2212ರಲ್ಲಿಯೂ ಇದೇ ರೀತಿ ಇದೆ: ಒಂದು ಅಂತಸ್ತಿನೊಳಗೆ ಪ್ರತಿ 3 ಮೀಟರ್‌ಗೆ 6 ಮಿ.ಮೀ.; ಒಂದಕ್ಕಿಂತ ಹೆಚ್ಚು ಅಂತಸ್ತಿನ ಕಟ್ಟಡದಲ್ಲಿ ಗೋಡೆಯ ಒಟ್ಟು ಎತ್ತರಕ್ಕೆ 12.5 ಮಿ.ಮೀ. ಎರಡರಲ್ಲಿಯೂ ಮೊದಲ ಮಿತಿಯ ದರ ಒಂದೇ ಆಗಿರುವುದನ್ನು ಗಮನಿಸಬಹುದು. ಮೀಟರ್‌ಗೆ 2 ಮಿ.ಮೀ., ಅಂದರೆ ಎತ್ತರದ 500ರಲ್ಲಿ ಒಂದು ಭಾಗ.

ಗರಿಷ್ಠ ಮಿತಿ ಅನ್ವಯವಾಗುವುದು ಯಾವಾಗ

ದರದ ಮಿತಿ ಮಾತ್ರ ಇದ್ದಿದ್ದರೆ ಎತ್ತರ ಹೆಚ್ಚಿದಂತೆ ಅನುಮತಿಸಲಾದ ಅಂತರವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತ ಹೋಗುತ್ತಿತ್ತು. 5 ಮೀಟರ್‌ಗೆ 10 ಮಿ.ಮೀ., 10 ಮೀಟರ್‌ಗೆ 20 ಮಿ.ಮೀ., 20 ಮೀಟರ್‌ಗೆ 40 ಮಿ.ಮೀ. ಎಂದಾಗುತ್ತಿತ್ತು, ಓರೆ ಮಾತ್ರ ಎಲ್ಲ ಎತ್ತರದಲ್ಲೂ ಒಂದೇ ಇರುತ್ತಿತ್ತು. 25 ಮಿ.ಮೀ.ಗಳ ಗರಿಷ್ಠ ಮಿತಿಯು ಈ ಲೆಕ್ಕವನ್ನು ಒಂದು ಎತ್ತರದಲ್ಲಿ ತಡೆಯುತ್ತದೆ. ಮೀಟರ್‌ಗೆ 2 ಮಿ.ಮೀ. ದರದಲ್ಲಿ 25 ಮಿ.ಮೀ. ತಲುಪುವುದು 12.5 ಮೀಟರ್ ಎತ್ತರದಲ್ಲಿ. ಅಲ್ಲಿಯವರೆಗೆ ದರದ ಮಿತಿ ಆಳುತ್ತದೆ. ಅಲ್ಲಿಂದ ಮೇಲಕ್ಕೆ ಗರಿಷ್ಠ ಮಿತಿ ಆಳುತ್ತದೆ.

12.5 ಮೀಟರ್ ದಾಟಿದ ಮೇಲೆ ಕಂಬ ಎಷ್ಟೇ ಎತ್ತರವಾಗಲಿ, ಅಂತರ 25 ಮಿ.ಮೀ.ನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಅನುಮತಿಸಲಾದ ಓರೆಯು ಕಿರಿದಾಗುತ್ತ ಹೋಗುತ್ತದೆ. 15 ಮೀಟರ್ ಕಂಬಕ್ಕೆ ಅದು 600ರಲ್ಲಿ ಒಂದು ಭಾಗ, 20 ಮೀಟರ್ ಕಂಬಕ್ಕೆ 800ರಲ್ಲಿ ಒಂದು ಭಾಗ. ಎತ್ತರದ ಕಂಬವನ್ನು ಗಿಡ್ಡ ಕಂಬಕ್ಕಿಂತ ಹೆಚ್ಚು ನೆಟ್ಟಗೆ ನಿಲ್ಲಿಸಬೇಕು ಎಂಬುದೇ ಇದರ ಅರ್ಥ. ಇದನ್ನು ಕಲ್ಪಿಸಿಕೊಳ್ಳಲು ಒಂದು ಸುಲಭ ಮಾರ್ಗವಿದೆ. 25 ಮಿ.ಮೀ. ಅಂತರದಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಹಲಗೆಗಳ ನಡುವೆ ಒಂದು ತೆಳುವಾದ ಕೋಲನ್ನು ಇರಿಸಿದಂತೆ ಭಾವಿಸಬಹುದು. ಗಿಡ್ಡ ಕೋಲು ಆ ಸಂದಿಯಲ್ಲಿ ಸಾಕಷ್ಟು ಓರೆಯಾಗಿ ಒರಗಬಲ್ಲದು. ಉದ್ದನೆಯ ಕೋಲು ಸ್ವಲ್ಪ ಓರೆಯಾದೊಡನೆ ಎರಡೂ ಹಲಗೆಗಳನ್ನು ಮುಟ್ಟುತ್ತದೆ. ಸಂದಿ ಒಂದೇ, ಕೋಲು ಉದ್ದವಾದಷ್ಟೂ ಅದಕ್ಕೆ ಒರಗಲು ದೊರೆಯುವ ಓರೆ ಕಡಿಮೆ.

ಪಂಚಾಯಿತಿಯ ಇತರ ಕಟ್ಟಡಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. 3 ಮೀಟರ್‌ನ ಒಂದಂತಸ್ತಿನ ಇಟ್ಟಿಗೆ ಗೋಡೆಗೆ 6 ಮಿ.ಮೀ. ಅವಕಾಶವಿದೆ. 7 ಮೀಟರ್ ಎತ್ತರದ ಎರಡಂತಸ್ತಿನ ಕಚೇರಿ ಕಟ್ಟಡಕ್ಕೆ ದರದ ಪ್ರಕಾರ 14 ಮಿ.ಮೀ. ಬಂದರೂ ಗರಿಷ್ಠ ಮಿತಿಯಿಂದಾಗಿ ದೊರೆಯುವುದು 12.5 ಮಿ.ಮೀ. ಮಾತ್ರ.

ಈ ಮಿತಿಯ ಹಿಂದಿನ ಕಾರಣ

50,000 ಲೀಟರ್ ಸಾಮರ್ಥ್ಯದ ತೊಟ್ಟಿ ತುಂಬಿದಾಗ ಅದರಲ್ಲಿರುವ ನೀರಿನ ತೂಕವೇ 50 ಟನ್. ಕಂಬಗಳ ಚೌಕಟ್ಟು ನೆಟ್ಟಗಿದ್ದರೆ ಈ ಭಾರ ನೇರವಾಗಿ ಬುಡಕ್ಕೆ ಇಳಿಯುತ್ತದೆ. ಇಡೀ ಚೌಕಟ್ಟು ಒಂದೇ ದಿಕ್ಕಿಗೆ 25 ಮಿ.ಮೀ. ವಾಲಿದ್ದರೆ, ಕಂಬಗಳು ಭಾರವನ್ನು ಹೊರುವುದರ ಜೊತೆಗೆ ಬಾಗುವಿಕೆಯನ್ನೂ ತಡೆಯಬೇಕಾಗುತ್ತದೆ. ನೀರಿನ ತೂಕವೊಂದರಿಂದಲೇ ಉಂಟಾಗುವ ಈ ಬಾಗಿಸುವ ಪರಿಣಾಮವು, 1 ಮೀಟರ್ ಉದ್ದದ ಸನ್ನೆಯ ತುದಿಗೆ ಒಂದೂಕಾಲು ಟನ್ ತೂಗುಹಾಕಿದ್ದಕ್ಕೆ ಸಮ. ಅಂತರ 50 ಮಿ.ಮೀ. ಆದರೆ ಅದು ಎರಡೂವರೆ ಟನ್‌ಗೆ ಸಮವಾಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ವಾಲಿದ ಅಂತರವೇ ಹೊರತು ಓರೆಯಲ್ಲ. ಎತ್ತರ ಹೆಚ್ಚಾಯಿತೆಂದು ಅಂತರವನ್ನು ಹೆಚ್ಚಿಸುತ್ತ ಹೋಗಲು ಆಗದಿರುವುದು ಇದರಿಂದಲೇ.

ಸಣ್ಣ ಪ್ರಮಾಣದ ವಾಲಿಕೆ ಅನಿವಾರ್ಯವೆಂಬುದು ವಿನ್ಯಾಸಕಾರರಿಗೆ ತಿಳಿದಿರುವ ವಿಷಯವೇ. ಕಾಂಕ್ರೀಟ್ ವಿನ್ಯಾಸದ ಮಾನಕ ಐ.ಎಸ್. 456:2000ರ ಪ್ರಕಾರ, ಭಾರವು ಕಂಬದ ನಡುಗೆರೆಯಿಂದ ಕನಿಷ್ಠ ಇಷ್ಟು ಸರಿದಿದೆಯೆಂದು ಭಾವಿಸಿಯೇ ಪ್ರತಿಯೊಂದು ಕಂಬವನ್ನೂ ವಿನ್ಯಾಸಗೊಳಿಸಬೇಕು. ಆಧಾರಗಳ ನಡುವಿನ ಎತ್ತರದ 500ರಲ್ಲಿ ಒಂದು ಭಾಗವನ್ನು ಕಂಬದ ಅಗಲದ 30ರಲ್ಲಿ ಒಂದು ಭಾಗಕ್ಕೆ ಕೂಡಿಸಿ ಆ ಪ್ರಮಾಣವನ್ನು ಪಡೆಯಲಾಗುತ್ತದೆ. ಅದು 20 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಸ್ಥಳದಲ್ಲಿ ವಾಲಿಕೆಯು ಮಿತಿಯೊಳಗಿದ್ದರೆ ವಿನ್ಯಾಸದ ಭಾವನೆಗೂ ನಿರ್ಮಾಣಕ್ಕೂ ಹೊಂದಾಣಿಕೆ ಇರುತ್ತದೆ. ಮಿತಿ ಮೀರಿದರೆ, ವಿನ್ಯಾಸಕಾರರು ಎಣಿಸದ ಭಾರವನ್ನು ಕಂಬ ಹೊರುತ್ತದೆ.

ಒಂದು ಉದಾಹರಣೆ

15 ಮೀಟರ್ ಎತ್ತರದ ಕಂಬಗಳ ಮೇಲೆ ತೊಟ್ಟಿಯೊಂದು ನಿರ್ಮಾಣವಾಗುತ್ತಿದೆ ಎಂದಿಟ್ಟುಕೊಳ್ಳಬಹುದು. ಕಂಬಗಳನ್ನು 3 ಮೀಟರ್‌ಗಳ ಐದು ಹಂತಗಳಲ್ಲಿ ಎತ್ತರಿಸಲಾಗುತ್ತದೆ ಮತ್ತು ಪ್ರತಿ ಹಂತದ ಮೇಲೆ ಅಡ್ಡತೊಲೆಗಳು ಬರುತ್ತವೆ. ಪ್ರತಿ 2.5 ಮೀಟರ್‌ಗೆ 5 ಮಿ.ಮೀ. ಎಂಬ ದರದಲ್ಲಿ 3 ಮೀಟರ್‌ನ ಒಂದು ಹಂತಕ್ಕೆ 6 ಮಿ.ಮೀ. ಅವಕಾಶವಿದೆ. ಒಂದು ಕಂಬದ ಅಳತೆ ಹೀಗೆ ಬಂದಿದೆ:

| ಬುಡದಿಂದ ಎತ್ತರ | ಆ ಹಂತದಲ್ಲಿ ವಾಲಿದ್ದು | ಬುಡದಿಂದ ಒಟ್ಟು ವಾಲಿದ್ದು |
|---|---|---|
| 3 ಮೀಟರ್ | 5 ಮಿ.ಮೀ. | 5 ಮಿ.ಮೀ. |
| 6 ಮೀಟರ್ | 5 ಮಿ.ಮೀ. | 10 ಮಿ.ಮೀ. |
| 9 ಮೀಟರ್ | 6 ಮಿ.ಮೀ. | 16 ಮಿ.ಮೀ. |
| 12 ಮೀಟರ್ | 6 ಮಿ.ಮೀ. | 22 ಮಿ.ಮೀ. |
| 15 ಮೀಟರ್ | 6 ಮಿ.ಮೀ. | 28 ಮಿ.ಮೀ. |

ಮಧ್ಯದ ಸಾಲನ್ನು ಮಾತ್ರ ನೋಡಿದರೆ ಯಾವ ಹಂತದಲ್ಲೂ ತಪ್ಪಿಲ್ಲ. ಪ್ರತಿಯೊಂದೂ 6 ಮಿ.ಮೀ. ಒಳಗಿದೆ. ಕೊನೆಯ ಸಾಲನ್ನು ನೋಡಿದರೆ ಒಟ್ಟು 28 ಮಿ.ಮೀ. ಆಗಿ, 25 ಮಿ.ಮೀ.ಗಳ ಗರಿಷ್ಠ ಮಿತಿಯನ್ನು ದಾಟಿದೆ. ಎತ್ತರದ ಕಂಬಗಳಲ್ಲಿ ತಪ್ಪು ಒಳಬರುವ ಸಾಮಾನ್ಯ ದಾರಿ ಇದೇ. ಮೇಸ್ತ್ರಿಯು ಪ್ರತಿ ಹಂತದ ಸೆಂಟ್ರಿಂಗ್ ಅಚ್ಚನ್ನು ಅದರ ಕೆಳಗಿನ ಹಂತಕ್ಕೆ ಹೊಂದಿಸಿ ನಿಲ್ಲಿಸುತ್ತಾರೆ. ಕೆಳಗಿನ ಹಂತ ಈಗಾಗಲೇ ವಾಲಿದ್ದರೆ ಅದೇ ದಿಕ್ಕು ಮುಂದುವರಿಯುತ್ತದೆ. ಒಂದು ಮೀಟರ್ ಉದ್ದದ ರಸಮಟ್ಟವನ್ನು ಕಂಬಕ್ಕೆ ತಾಗಿಸಿ ನೋಡಿದರೆ 2 ಮಿ.ಮೀ. ವ್ಯತ್ಯಾಸ ಗುಳ್ಳೆಯಲ್ಲಿ ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಹೀಗಾಗಿ ಪ್ರತಿ ಹಂತವನ್ನೂ ಅದರ ಕೆಳಗಿನ ಹಂತಕ್ಕೆ ಮಾತ್ರವಲ್ಲದೆ ಕಂಬದ ಬುಡಕ್ಕೂ ಹೋಲಿಸಿ ಅಳೆಯುವುದು ಅವಶ್ಯಕ.

ಈ ಉದಾಹರಣೆಯಲ್ಲಿ 9 ಮೀಟರ್ ಮುಗಿದಾಗಲೇ ಒಟ್ಟು ಅಳತೆಯನ್ನು ತೆಗೆದಿದ್ದರೆ, ಒಂದೇ ದಿಕ್ಕಿಗೆ 16 ಮಿ.ಮೀ. ಸೇರಿರುವುದು ತಿಳಿಯುತ್ತಿತ್ತು. ಉಳಿದ ಎರಡು ಹಂತಗಳನ್ನು ತೂಗುಗುಂಡಿನ ನೇರಕ್ಕೆ ನಿಲ್ಲಿಸಿದ್ದರೆ ತುದಿಯೂ 16 ಮಿ.ಮೀ.ನಲ್ಲಿಯೇ ಉಳಿದು, ಕಂಬ ಮಿತಿಯೊಳಗೆ ಇರುತ್ತಿತ್ತು. ಇದಕ್ಕೆ ಬದಲಾಗಿ, ತುದಿಯನ್ನು ಬುಡದ ನೇರಕ್ಕೆ ತರುವ ಉದ್ದೇಶದಿಂದ ಕೊನೆಯ ಎರಡು ಹಂತಗಳನ್ನು ತಲಾ 8 ಮಿ.ಮೀ. ಹಿಂದಕ್ಕೆ ಎಳೆದರೆ ಅದೂ ತಪ್ಪೇ. ಆಗ ತುದಿಯ ಅಳತೆ ಸೊನ್ನೆ ಎಂದು ಬರುತ್ತದೆ. ಆದರೆ ಆ ಎರಡು ಹಂತಗಳು ತಲಾ 6 ಮಿ.ಮೀ. ಮೀರುತ್ತವೆ ಮತ್ತು ಕಂಬದ ನಡುವೆ ಡೊಂಕು ಉಳಿಯುತ್ತದೆ. ತುದಿಯನ್ನು ಮಾತ್ರ ಅಳೆದು ಕೆಲಸ ಸರಿಯಿದೆ ಎನ್ನಲಾಗದು. ಹಂತವನ್ನು ಮಾತ್ರ ಅಳೆದೂ ಹಾಗೆ ಹೇಳಲಾಗದು.

ಸ್ಥಳದಲ್ಲಿ ಅಳೆಯುವ ಕ್ರಮ

ಲಂಬತೆಯನ್ನು ಭೂಮಿಯ ಸೆಳೆತದ ದಿಕ್ಕಿಗೆ ಹೋಲಿಸಿ ಅಳೆಯಬೇಕೇ ಹೊರತು ನೆಲಕ್ಕಾಗಲಿ, ಸುತ್ತಲಿನ ದೃಶ್ಯಕ್ಕಾಗಲಿ ಅಲ್ಲ. ಮಲೆನಾಡಿನಲ್ಲಿ ತೊಟ್ಟಿಗಳನ್ನು ಎತ್ತರದ ಜಾಗದಲ್ಲಿ, ಹಲವು ವೇಳೆ ಇಳಿಜಾರಿನ ಮಗ್ಗುಲಲ್ಲಿ ಕಟ್ಟಲಾಗುತ್ತದೆ. ಇಳಿಜಾರಿನ ರಸ್ತೆಯಿಂದಲೋ, ಬಾಗಿದ ಅಡಿಕೆ ಮರಗಳ ನಡುವಿನಿಂದಲೋ ನೋಡಿದಾಗ ನೆಟ್ಟಗಿರುವ ಕಂಬವೂ ವಾಲಿದಂತೆ ಕಾಣಬಹುದು. ವಾಲಿರುವ ಕಂಬ ನೆಟ್ಟಗೆ ಕಾಣಬಹುದು. 15 ಮೀಟರ್‌ಗೆ 25 ಮಿ.ಮೀ. ಎಂದರೆ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಟಲಿಯ ಪೀಸಾ ಗೋಪುರದ ವಾಲಿಕೆ ಸುಮಾರು 4 ಡಿಗ್ರಿ. ಅದು ಯಾರಿಗಾದರೂ ಕಾಣುತ್ತದೆ. ಅದರ ನಲವತ್ತನೆಯ ಒಂದು ಭಾಗವನ್ನು ಕಣ್ಣಿನಿಂದ ತೀರ್ಮಾನಿಸಲಾಗದು.

ತೂಗುಗುಂಡಿನಿಂದ ಅಳೆಯುವ ವಿಧಾನ ಸರಳವಾಗಿದೆ. ಎತ್ತರದ ಮೇಲಿನ ಕೆಲಸವನ್ನು ಅಟ್ಟಣಿಗೆಯ ಮೇಲಿರುವ ಕೆಲಸಗಾರರೇ ನಿರ್ವಹಿಸಬೇಕು. ಸದಸ್ಯರು ಕೆಳಗಿನಿಂದ ಗಮನಿಸಿದರೆ ಸಾಕು. ಕಂಬದ ತುದಿಯಲ್ಲಿ, ಅದರ ಮುಖದಿಂದ ಸರಿಯಾಗಿ 100 ಮಿ.ಮೀ. ಹೊರಗೆ ದಾರ ಇಳಿಯುವಂತೆ ಮರದ ತುಂಡೊಂದನ್ನು ಬಿಗಿಯಲಾಗುತ್ತದೆ. ಅದರಿಂದ ನೈಲಾನ್ ದಾರದಲ್ಲಿ ಗುಂಡನ್ನು ಇಳಿಬಿಟ್ಟು, ಪ್ರತಿ ಹಂತದಲ್ಲೂ ದಾರಕ್ಕೂ ಕಂಬದ ಮುಖಕ್ಕೂ ಇರುವ ಅಂತರವನ್ನು ಅಳೆಯಲಾಗುತ್ತದೆ. ಮೇಲಿನ ಉದಾಹರಣೆಯ ಕಂಬವು ದಾರವಿರುವ ಕಡೆಗೆ ವಾಲಿದ್ದರೆ ತುದಿಯಲ್ಲಿ 100, 9 ಮೀಟರ್‌ನಲ್ಲಿ 112, ಬುಡದಲ್ಲಿ 128 ಮಿ.ಮೀ. ಬರುತ್ತದೆ. ಬುಡದ ಅಳತೆಯಿಂದ ತುದಿಯ 100ನ್ನು ಕಳೆದರೆ ಉಳಿಯುವ 28 ಮಿ.ಮೀ. ಒಟ್ಟು ವಾಲಿಕೆ. ಬುಡದ ಅಳತೆ 100ಕ್ಕಿಂತ ಕಡಿಮೆ ಬಂದರೆ ಕಂಬವು ದಾರದ ವಿರುದ್ಧ ದಿಕ್ಕಿಗೆ ವಾಲಿದೆ ಎಂದರ್ಥ.

ಈ ಅಳತೆಯಲ್ಲಿ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, 15 ಮೀಟರ್ ದಾರದ ಗುಂಡು ಒಮ್ಮೆ ಆಚೆ ಹೋಗಿ ಈಚೆ ಬರಲು ಸುಮಾರು 8 ಸೆಕೆಂಡ್ ತೆಗೆದುಕೊಳ್ಳುತ್ತದೆ ಮತ್ತು ಸಣ್ಣ ಗಾಳಿಗೂ ಓಲಾಡುತ್ತದೆ. ಗುಂಡನ್ನು ನೀರು ತುಂಬಿದ ಬಕೆಟ್‌ನಲ್ಲಿ, ತಳಕ್ಕೆ ತಾಗದಂತೆ ಮುಳುಗಿಸಿಟ್ಟರೆ ಓಲಾಟ ಬೇಗ ನಿಲ್ಲುತ್ತದೆ. ಗಾಳಿ ಕಡಿಮೆ ಇರುವ ಮುಂಜಾನೆ ಇದಕ್ಕೆ ಸೂಕ್ತ ಸಮಯ. ಎರಡನೆಯದು, ಕಂಬದ ಒಂದು ಮುಖವನ್ನು ಅಳೆದರೆ ಒಂದು ದಿಕ್ಕಿನ ವಾಲಿಕೆ ಮಾತ್ರ ತಿಳಿಯುತ್ತದೆ. ಪಕ್ಕದ ಮುಖವನ್ನೂ ಅಳೆಯಬೇಕು. ಪೂರ್ವಕ್ಕೆ 18, ಉತ್ತರಕ್ಕೆ 18 ಮಿ.ಮೀ. ವಾಲಿದ ಕಂಬವು ವಾಸ್ತವದಲ್ಲಿ ಮೂಲೆಯ ದಿಕ್ಕಿಗೆ 25 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ವಾಲಿರುತ್ತದೆ. ಮೂರನೆಯದು, ಗಿಲಾವಿಗೆ ಮೊದಲೇ ಅಳೆಯಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಗಿಲಾವು ಬಳಿದರೆ ಹೊರಮುಖ ನೆಟ್ಟಗೆ ಕಾಣುತ್ತದೆ. ಒಳಗಿನ ಕಂಬ ಮಾತ್ರ ಇದ್ದಲ್ಲಿಯೇ ಇರುತ್ತದೆ. ಜಂಬಿಟ್ಟಿಗೆ ಗೋಡೆಗಳಲ್ಲಿ ಕಲ್ಲಿನ ಮುಖವೇ ಏರುಪೇರಾಗಿರುವುದರಿಂದ ಪ್ರತಿ ಎತ್ತರದಲ್ಲೂ ಮೂರು ನಾಲ್ಕು ಕಲ್ಲುಗಳ ಮೇಲೆ ಅಳೆದು ಸರಾಸರಿ ತೆಗೆಯುವುದು ಉಚಿತ.

ದಾರದ ಅಳತೆಯಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾಗುವುದು ಸಹಜ. 26 ಮಿ.ಮೀ. ಬಂದ ಮಾತ್ರಕ್ಕೆ ವಿವಾದ ಬೇಡ. ಇನ್ನೊಂದು ಮುಂಜಾನೆ ಮರು ಅಳತೆ ಮಾಡಿಸಬಹುದು ಅಥವಾ ಇಂಜಿನಿಯರ್‌ರಿಂದ ಟೋಟಲ್ ಸ್ಟೇಷನ್ ಉಪಕರಣದ ಅಳತೆ ಕೋರಬಹುದು. ನಕ್ಷೆಯಲ್ಲಿಯೇ ಕಂಬಗಳನ್ನು ಒಳಮುಖವಾಗಿ ಓರೆಯಾಗಿ ತೋರಿಸಿದ್ದರೆ ಅಳತೆಯನ್ನು ನಕ್ಷೆಯ ಓರೆಗೆ ಹೋಲಿಸಬೇಕು.

ಕಂಬ ವಾಲಿದೆಯೋ, ಅಡಿಪಾಯ ಕುಸಿದಿದೆಯೋ

ನಿರ್ಮಾಣದಲ್ಲಿ ಉಂಟಾದ ವಾಲಿಕೆ ಕಾಂಕ್ರೀಟ್ ಗಟ್ಟಿಯಾದ ದಿನವೇ ನಿಂತುಹೋಗುತ್ತದೆ. ಅಡಿಪಾಯದ ಕುಸಿತದಿಂದ ಉಂಟಾಗುವ ವಾಲಿಕೆ ಬೆಳೆಯುತ್ತದೆ. ಇಲ್ಲಿಯೂ ಎತ್ತರದ ಪಾತ್ರ ದೊಡ್ಡದು. ಕಂಬಗಳ ಎರಡು ಸಾಲುಗಳ ನಡುವೆ 4 ಮೀಟರ್ ಅಂತರವಿದ್ದು, ಚೌಕಟ್ಟು 12 ಮೀಟರ್ ಎತ್ತರವಿದೆ ಎಂದಿಟ್ಟುಕೊಂಡರೆ, ಎತ್ತರವು ತಳದ ಅಗಲದ ಮೂರು ಪಟ್ಟು. ಒಂದು ಸಾಲಿನ ಅಡಿಪಾಯವು ಇನ್ನೊಂದಕ್ಕಿಂತ ಕೇವಲ 8 ಮಿ.ಮೀ. ಹೆಚ್ಚು ಕುಸಿದರೆ ತುದಿಯು ಅದರ ಮೂರು ಪಟ್ಟು, ಅಂದರೆ 24 ಮಿ.ಮೀ. ಸರಿಯುತ್ತದೆ. 12 ಮೀಟರ್ ಎತ್ತರಕ್ಕೆ ಅನುಮತಿಸಲಾದ ವಾಲಿಕೆಯೂ 24 ಮಿ.ಮೀ. ಕಂಬಗಳನ್ನು ಲೋಪವಿಲ್ಲದೆ ಕಟ್ಟಿದ್ದರೂ 8 ಮಿ.ಮೀ. ಕುಸಿತವು ಅಷ್ಟು ಅವಕಾಶವನ್ನೂ ಬಳಸಿಬಿಡುತ್ತದೆ. ಇಳಿಜಾರಿನಲ್ಲಿ ಒಂದು ಭಾಗವನ್ನು ಕಡಿದು, ಇನ್ನೊಂದು ಭಾಗಕ್ಕೆ ಮಣ್ಣು ತುಂಬಿ ಸಮತಟ್ಟು ಮಾಡಿದ ಜಾಗದಲ್ಲಿ, ಅಡಿಪಾಯವು ತುಂಬು ಮಣ್ಣಿನ ಮೇಲೆಯೇ ನಿಂತಿದ್ದರೆ ಇಂತಹ ಅಸಮ ಕುಸಿತದ ಸಾಧ್ಯತೆ ಹೆಚ್ಚು. ಹುಲಿಕಲ್, ಆಗುಂಬೆಗಳಂತಹ ಭಾರಿ ಮಳೆಯ ಪ್ರದೇಶಗಳಲ್ಲಿ ಮೊದಲ ಮಳೆಗಾಲವೇ ಇದರ ಪರೀಕ್ಷೆ.

ಎರಡನ್ನೂ ಪ್ರತ್ಯೇಕಿಸಿ ಗುರುತಿಸುವುದು ಸಾಧ್ಯ. ನಿರ್ಮಾಣದ ದೋಷವಾದರೆ ಸಾಮಾನ್ಯವಾಗಿ ಕಂಬಗಳು ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಪ್ರಮಾಣದಲ್ಲಿ ವಾಲಿರುತ್ತವೆ ಮತ್ತು ಅಡ್ಡತೊಲೆಗಳು ಮಟ್ಟವಾಗಿರುತ್ತವೆ. ಅಡಿಪಾಯ ಕುಸಿದಿದ್ದರೆ ಎಲ್ಲ ಕಂಬಗಳೂ ಒಂದೇ ದಿಕ್ಕಿಗೆ ಸರಿಸುಮಾರು ಒಂದೇ ಪ್ರಮಾಣದಲ್ಲಿ ವಾಲುತ್ತವೆ. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ನೋಡಿದರೆ ಅಡ್ಡತೊಲೆಗಳೂ ಮಟ್ಟ ತಪ್ಪಿರುತ್ತವೆ. ಇದಕ್ಕಿಂತ ಖಚಿತವಾದದ್ದು ಕಾಲಾಂತರದ ಅಳತೆ. ತೊಟ್ಟಿಗೆ ನೀರು ತುಂಬುವ ಮೊದಲು, ಮೊದಲ ಬಾರಿ ಪೂರ್ತಿ ತುಂಬಿದ ಬಳಿಕ ಮತ್ತು ಮೊದಲ ಮಳೆಗಾಲ ಕಳೆದ ಬಳಿಕ ಅದೇ ಕಂಬಗಳನ್ನು, ಅದೇ ಮುಖಗಳಲ್ಲಿ ಅಳೆಯಬೇಕು. ಮೂರು ಅಳತೆಗಳೂ ಒಂದೇ ಇದ್ದರೆ ವಾಲಿಕೆ ಹಳೆಯದು ಮತ್ತು ಸ್ಥಿರವಾದದ್ದು. ಮಿತಿಯೊಳಗಿದ್ದರೂ ಅಳತೆ ಏರುತ್ತ ಹೋಗಿದ್ದರೆ ಅದು ಅಡಿಪಾಯದ ಎಚ್ಚರಿಕೆ. ಅಂತಹ ಸಂದರ್ಭದಲ್ಲಿ ತೊಟ್ಟಿಯನ್ನು ಖಾಲಿ ಮಾಡಿಸಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಇಂಜಿನಿಯರ್‌ರಿಗೆ ತಕ್ಷಣ ಲಿಖಿತವಾಗಿ ತಿಳಿಸಬೇಕು.

ದಾಖಲೆಯಲ್ಲಿ ಇರಬೇಕಾದದ್ದು

ಪ್ರತಿ ಕಂಬದ ಎರಡು ಮುಖಗಳಿಗೆ, ಪ್ರತಿ ಹಂತದಲ್ಲಿ, ಆ ಹಂತದ ವಾಲಿಕೆ ಹಾಗೂ ಬುಡದಿಂದ ಒಟ್ಟು ವಾಲಿಕೆಯನ್ನು ದಿನಾಂಕ ಮತ್ತು ದಿಕ್ಕಿನೊಂದಿಗೆ ದಾಖಲಿಸಬೇಕು. ಮುಂದಿನ ಹಂತದ ಕಾಂಕ್ರೀಟ್ ಹಾಕುವ ಮೊದಲೇ ಈ ದಾಖಲೆಯನ್ನು ತೋರಿಸುವಂತೆ ಸದಸ್ಯರು ಕೇಳಬಹುದು. ತಪ್ಪನ್ನು ಹೆಚ್ಚಿನ ವೆಚ್ಚವಿಲ್ಲದೆ ತಿದ್ದಲು ಸಾಧ್ಯವಿರುವುದು ಆ ಹಂತದಲ್ಲಿ ಮಾತ್ರ. ಪೂರ್ಣಗೊಂಡ ಬಳಿಕ ಮಿತಿ ಮೀರಿರುವುದು ಕಂಡುಬಂದರೆ, ಕೆಡವಬೇಕೆಂದು ಪಟ್ಟುಹಿಡಿಯುವುದಾಗಲಿ, ಗಿಲಾವು ಬಳಿದು ಸ್ವೀಕರಿಸುವುದಾಗಲಿ ಸರಿಯಾದ ಕ್ರಮವಲ್ಲ. ಅಳೆದ ವಾಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಕಂಬಗಳ ಸಾಮರ್ಥ್ಯವನ್ನು ಮರುಪರಿಶೀಲಿಸಿ, ಲಿಖಿತ ವರದಿ ನೀಡುವಂತೆ ಇಂಜಿನಿಯರ್‌ರನ್ನು ಕೋರಬೇಕು. ಆ ವರದಿಯು ಕೈಸೇರುವವರೆಗೆ ಹಸ್ತಾಂತರ ಪತ್ರಕ್ಕೆ ಸಹಿ ಮಾಡುವ ಅಗತ್ಯವಿಲ್ಲ.